ಗಾಳಿಬೀಡಿನ ಗಾಳಿಗೆ ಯಾವ ಕೊಡೆ, ಯಾವ ರೇನ್‌ಕೋಟ್?

ಪ್ರಶ್ನೆ: ಸರ್, ನಮ್ಮ ಮನೆ ಗಾಳಿಬೀಡು ಕಡೆ. ಬಸ್ ರಸ್ತೆಗೆ ಒಂದು ಕಿಲೋಮೀಟರ್ ನಡೀಬೇಕು. ಅರ್ಧ ದಾರಿ ತೋಟದೊಳಗೆ, ಇನ್ನರ್ಧ ಬಯಲು. ಮಡಿಕೇರಿಯಲ್ಲಿ ಇಳಿದ ಮೇಲೆ ಆಫೀಸಿಗೆ ಮತ್ತೆ ಏರು ದಾರಿ. ವಾರಕ್ಕೆ ಒಂದೆರಡು ದಿನ ಮನೆಯವರ ಸ್ಕೂಟರಿನಲ್ಲಿ ಹಿಂದೆ ಕೂತು ಹೋಗ್ತೀನಿ. ಹೋದ ಮಳೆಗಾಲದಲ್ಲಿ ಮೂರು ಕೊಡೆ ಹಾಳಾಯಿತು, ಮೂರೂ ಮಡಚುವ ಕೊಡೆ. ಒಂದರ ಮೇಲೆ ವಿಂಡ್‌ಪ್ರೂಫ್ ಅಂತ ಬೇರೆ ಬರೆದಿತ್ತು. ರೇನ್‌ಕೋಟ್ ಹಾಕಿದರೂ ಆಫೀಸ್ ತಲುಪುವಾಗ ಒಳಗಿನ ಬಟ್ಟೆ ಒದ್ದೆ. ಅಂಗಡಿಯವರು 16 ಕಡ್ಡಿಯ ದೊಡ್ಡ ಕೊಡೆ ತಗೊಳ್ಳಿ ಅಂತಾರೆ. ಎರಡಕ್ಕೂ ಸೇರಿ 3,000 ರೂಪಾಯಿ ಇಟ್ಟಿದ್ದೇನೆ. ಯಾವುದು ತಗೊಳ್ಳಲಿ?

ಉತ್ತರ: 16 ಕಡ್ಡಿಯ ದೊಡ್ಡ ಕೊಡೆ ಬೇಡ. ಅಂಗಡಿಯವರು ಸುಳ್ಳು ಹೇಳುತ್ತಿಲ್ಲ, ಕೈಗೆ ತಗೊಂಡರೆ ಅದು ಗಟ್ಟಿ ಅಂತಲೇ ಅನಿಸುತ್ತದೆ. ಆದರೆ ನಿಮ್ಮ ದಾರಿಗೆ ಅದು ಆಗಿಬರುವುದಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಹೋದ ವರ್ಷದ ಆ ಮೂರು ಕೊಡೆಗಳು ಎಲ್ಲಿ ಕೈಕೊಟ್ಟವು ಅಂತ ಮೊದಲು ನೋಡಬೇಕು.

ನಾನು ಕೊಡೆ, ರೇನ್‌ಕೋಟ್ ಮಾರುತ್ತೇನೆ, ರಿಪೇರಿಯೂ ಮಾಡುತ್ತೇನೆ. ರಿಪೇರಿಗೆ ಬರುವ ಮಡಚುವ ಕೊಡೆಗಳಲ್ಲಿ ಬಟ್ಟೆ ಹರಿದದ್ದು ಕಡಿಮೆ, ಕೋಲು ಮುರಿದದ್ದು ಇನ್ನೂ ಕಡಿಮೆ. ಹೋಗುವುದು ಕೀಲು. ಉದ್ದ ಕೊಡೆಯನ್ನು ಬಿಚ್ಚಿ ಒಳಗೆ ನೋಡಿ. ಒಂದೊಂದು ಉದ್ದ ಕಡ್ಡಿಗೂ ಮಧ್ಯದಲ್ಲಿ ಒಂದು ಗಿಡ್ಡ ಕಡ್ಡಿ ಬಂದು ಸೇರಿರುತ್ತದೆ, ಅದೇ ಕೆಳಗಿನಿಂದ ಒತ್ತಿ ಬಟ್ಟೆಯನ್ನು ಬಿಗಿಯಾಗಿ ಹಿಡಿಯುವುದು. ಅಲ್ಲಿ ಒಂದೇ ಕೀಲು. ಮೂರು ಮಡಿಕೆಯ ಕೊಡೆಯಲ್ಲಿ ಹಾಗಲ್ಲ. ಉದ್ದ ಕಡ್ಡಿಯನ್ನೇ ತುಂಡು ತುಂಡು ಮಾಡಿ ಜೋಡಿಸಿರುತ್ತಾರೆ, ಹಾಗಾಗಿ ಒಂದೊಂದು ಕಡ್ಡಿಯಲ್ಲೂ ನಾಲ್ಕೈದು ಕೀಲು. ಪ್ರತಿ ಕೀಲಿಗೂ ತಗಡಿನಲ್ಲಿ ಒಂದು ತೂತು, ತೂತಿಗೆ ಒಂದು ಸಣ್ಣ ರಿವಿಟ್. ತೂತು ಕೊರೆದ ಜಾಗದಲ್ಲಿ ತಗಡು ಉಳಿಯುವುದೇ ಒಂಚೂರು. ಗಾಳಿ ಕೊಡೆಯೊಳಗೆ ನುಗ್ಗಿ ಮೇಲಕ್ಕೆ ಎತ್ತಿದಾಗ ಕಡ್ಡಿ ಬಾಗುವುದು ಅಲ್ಲೇ, ಮುರಿಯುವುದೂ ಅಲ್ಲೇ. ನಿಮ್ಮ ಹಳೆಯ ಕೊಡೆ ಇನ್ನೂ ಮನೆಯಲ್ಲಿದ್ದರೆ ತೆಗೆದು ನೋಡಿ, ಬಹುಶಃ ಒಂದು ಕಡ್ಡಿ ಮಧ್ಯದಲ್ಲಿ ಕತ್ತು ಮುರಿದು ನೇತಾಡುತ್ತಿರುತ್ತದೆ, ಅದರ ಪಕ್ಕದ್ದು ಸೊಟ್ಟಗಾಗಿರುತ್ತದೆ. ಒಂದು ಹೋದರೆ ಅದರ ಭಾರ ಪಕ್ಕದ ಎರಡಕ್ಕೆ ಬೀಳುತ್ತದೆ, ಅದಕ್ಕೇ ಇನ್ನೊಂದು ಗಾಳಿಗೆ ಪಕ್ಕದ್ದೂ ಹೋಗುತ್ತದೆ.

ಈಗ ಗಾಳಿಯ ಲೆಕ್ಕ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ದೊಡ್ಡ ಕೊಡೆಯ ಮೋಹ ಬಿಡುವುದು ಇಲ್ಲೇ. ಗಾಳಿಯ ವೇಗ ಎರಡರಷ್ಟಾದರೆ ಅದು ತಳ್ಳುವ ಬಲ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಬಿಚ್ಚಿದಾಗ ಒಂದು ಮೀಟರ್ ಅಗಲ ಬರುವ ಸಾಮಾನ್ಯ ಕೊಡೆ ಇದೆ ಅಂದುಕೊಳ್ಳಿ. ಗಂಟೆಗೆ 30 ಕಿಲೋಮೀಟರ್ ಗಾಳಿ ಅದರ ಒಳಭಾಗಕ್ಕೆ ನೇರ ಹೊಡೆದರೆ ಸುಮಾರು 4 ಕೆಜಿ ತೂಕ ಎಳೆದಷ್ಟು ಬಲ. ಕೈಯಲ್ಲಿ ತಡೆಯಬಹುದು. ಅದೇ ಗಾಳಿ 60ಕ್ಕೆ ಹೋದರೆ ಸುಮಾರು 17 ಕೆಜಿ! ಇನ್ನು ಕೊಡೆಯ ಅಗಲವನ್ನು 1.2 ಮೀಟರ್ ಮಾಡಿ. ನೋಡಲು ಸ್ವಲ್ಪ ಮಾತ್ರ ದೊಡ್ಡದು, ಆದರೆ ಗಾಳಿ ಹಿಡಿಯುವ ಬಟ್ಟೆ ಹತ್ತಿರ ಹತ್ತಿರ ಒಂದೂವರೆ ಪಟ್ಟಾಯಿತು. 17 ಇದ್ದದ್ದು 25 ಕೆಜಿ ಆಗುತ್ತದೆ. ಅಷ್ಟನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಬ್ಯಾಗು, ಕಾಲ ಕೆಳಗೆ ಪಾಚಿ ಕಟ್ಟಿದ ಕಲ್ಲು. ಕೊಡೆ ಮುರಿಯದಿದ್ದರೆ ನೀವು ಬೀಳುತ್ತೀರಿ, ಅಲ್ವಾ?

ಹಾಗಾದರೆ 16 ಕಡ್ಡಿಯಿಂದ ಪ್ರಯೋಜನವೇ ಇಲ್ಲವಾ? ಇದೆ. ಬಟ್ಟೆ ಹೆಚ್ಚು ಕಡೆ ಹಿಡಿದಿರುವುದರಿಂದ ಪಟಪಟ ಹೊಡೆದುಕೊಳ್ಳುವುದು ಕಡಿಮೆ. ಆದರೆ 8 ಕಡ್ಡಿಯ ಎರಡರಷ್ಟು ಗಟ್ಟಿ ಅನ್ನುವುದು ತಪ್ಪು. ಕಡ್ಡಿ ಜಾಸ್ತಿಯಾದರೆ ಕೊಡೆ ಭಾರವಾಗುತ್ತದೆ, ಭಾರ ಇಳಿಸಲು ಒಂದೊಂದು ಕಡ್ಡಿಯನ್ನೂ ಸಣ್ಣ ಮಾಡಿರುತ್ತಾರೆ. ಅಲ್ಲದೆ ಎಷ್ಟೇ ಕಡ್ಡಿ ಇರಲಿ, ಎಲ್ಲವೂ ಮೇಲೆ ಒಂದು ಬಳೆಗೆ, ಕೆಳಗೆ ಕೋಲಿನ ಮೇಲೆ ಜಾರುವ ಇನ್ನೊಂದು ಬಳೆಗೆ ಸೇರುತ್ತವೆ. ಈ ಬಳೆ ಪ್ಲಾಸ್ಟಿಕ್ಕಿನದು, ಕಡ್ಡಿಗಳನ್ನು ಅದಕ್ಕೆ ಕಟ್ಟಿರುವುದು ಒಂದು ತೆಳ್ಳಗಿನ ತಂತಿ. ಆ ತಂತಿ ತುಕ್ಕು ಹಿಡಿದು ತುಂಡಾದರೆ 16 ಕಡ್ಡಿಯೂ ಒಟ್ಟಿಗೆ ಕಳಚಿ ಬರುತ್ತವೆ. 8 ಕಡ್ಡಿ ಸಾಕು. 10 ಇದ್ದರೆ ಒಳ್ಳೆಯದು.

ವಿಂಡ್‌ಪ್ರೂಫ್ ಅಂತ ಬರೆದದ್ದನ್ನು ನಂಬಿ ದುಡ್ಡು ಕೊಡಬೇಡಿ. ಗಾಳಿಯ ವೇಗ ಇಷ್ಟು ಅಂತ ಅಂಕಿ ಬರೆದಿದ್ದರೆ ಸ್ವಲ್ಪ ಅರ್ಥ ಇದೆ, ಸುಮ್ನೆ ಪದ ಬರೆದಿದ್ದರೆ ಏನೂ ಇಲ್ಲ. ಮಾಮೂಲಾಗಿ ಆ ಪದದ ಅರ್ಥ ಇಷ್ಟೇ: ಕೊಡೆ ಮಗುಚಿದರೆ ಕಡ್ಡಿ ಮುರಿಯದೆ ಹಾಗೆಯೇ ಮಗುಚಿಕೊಳ್ಳುತ್ತದೆ, ನೀವು ಮತ್ತೆ ಸರಿ ಮಾಡಿಕೊಳ್ಳಬಹುದು. ಮಗುಚುವುದೇ ಇಲ್ಲ ಅಂತ ಅಲ್ಲ.

ಮುಖ್ಯವಾದದ್ದು ಕಡ್ಡಿ ಯಾವುದರಿಂದ ಮಾಡಿದ್ದು ಅನ್ನುವುದು. ಉಕ್ಕಿನ ಕಡ್ಡಿ ಬಿಗಿಯಾಗಿ ನಿಲ್ಲುತ್ತದೆ, ಒಂದು ಮಿತಿ ದಾಟಿ ಬಾಗಿದರೆ ಮಾತ್ರ ಹಾಗೆಯೇ ಸೊಟ್ಟಗೆ ಉಳಿದುಬಿಡುತ್ತದೆ. ಕೈಯಿಂದ ನೆಟ್ಟಗೆ ಮಾಡಿದರೂ ಆ ಜಾಗ ಬಲ ಕಳೆದುಕೊಂಡಿರುತ್ತದೆ. ನಮ್ಮ ಊರಿನ ತೇವಕ್ಕೆ ತುಕ್ಕು ಬೇರೆ. ಅಲ್ಯೂಮಿನಿಯಂ ಹಗುರ, ತುಕ್ಕು ಹಿಡಿಯುವುದಿಲ್ಲ, ಆದರೆ ಒಮ್ಮೆ ಮಡಚಿಕೊಂಡರೆ ಮುಗಿಯಿತು. ಫೈಬರ್‌ಗ್ಲಾಸ್ ಕಡ್ಡಿ ಚೆನ್ನಾಗಿ ಬಾಗುತ್ತದೆ, ಬಿಟ್ಟರೆ ವಾಪಸ್ ನೆಟ್ಟಗಾಗುತ್ತದೆ. ಗಾಳಿ ಹೊಡೆಯುವ ದಾರಿಗೆ ಅದೇ ಸರಿ. ಅದಕ್ಕೂ ಒಂದು ಕೊನೆ ಇದೆ, ತುಂಬಾ ಹಳೆಯದಾದರೆ ಅಥವಾ ಕಾರಿನ ಬಾಗಿಲಿಗೆ ಸಿಕ್ಕಿದರೆ ನಾರು ನಾರಾಗಿ ಸೀಳುತ್ತದೆ. ಸೀಳಿದ್ದನ್ನು ಬೆರಳಿನಿಂದ ಸವರಬೇಡಿ, ಸಣ್ಣ ಗಾಜಿನ ನಾರು ಚರ್ಮಕ್ಕೆ ಚುಚ್ಚಿಕೊಳ್ಳುತ್ತದೆ.

ಅಂಗಡಿಯಲ್ಲಿ ಎಲ್ಲಾ ಕಡ್ಡಿಗೂ ಕಪ್ಪು ಬಣ್ಣ ಹೊಡೆದಿರುತ್ತಾರೆ, ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಂದು ಸಣ್ಣ ಮ್ಯಾಗ್ನೆಟ್ ಪರ್ಸಿನಲ್ಲಿ ಹಾಕಿಕೊಂಡು ಹೋಗಿ. ಫ್ರಿಜ್ಜಿಗೆ ಅಂಟಿಸುವುದು ಸಾಕು. ಅಂಟಿಕೊಂಡರೆ ಉಕ್ಕು. ಅಂಟದಿದ್ದರೆ ಕಡ್ಡಿಯನ್ನು ಬೆರಳಲ್ಲಿ ಹಿಡಿದು ನೋಡಿ. ಗುಂಡಗೆ, ಒಳಗೆ ಟೊಳ್ಳಿಲ್ಲದೆ, ನುಣ್ಣಗಿದ್ದರೆ ಫೈಬರ್‌ಗ್ಲಾಸ್. ಕಾಲುವೆಯ ಹಾಗೆ ಮಡಚಿದ ತಗಡಾಗಿದ್ದರೆ ಅಲ್ಯೂಮಿನಿಯಂ. ಈ ಮ್ಯಾಗ್ನೆಟ್ಟನ್ನು ಕಡ್ಡಿಯ ಬುಡದಿಂದ ತುದಿಯವರೆಗೆ ಓಡಿಸಬೇಕು. ಎಷ್ಟೋ ಕೊಡೆಗಳಲ್ಲಿ ತುದಿಯ ಒಂದು ಗೇಣು ಮಾತ್ರ ಫೈಬರ್, ಉಳಿದದ್ದು ಉಕ್ಕು, ಚೀಟಿಯಲ್ಲಿ ಮಾತ್ರ ಫೈಬರ್‌ಗ್ಲಾಸ್ ಅಂತ ಇರುತ್ತದೆ. ಮಡಚುವ ಕೊಡೆಯಲ್ಲಿ ಇದು ತೀರಾ ಸಾಮಾನ್ಯ, ತಪ್ಪೂ ಅಲ್ಲ. ಉದ್ದ ಕೊಡೆಯಲ್ಲಿ ಮಾತ್ರ ಉದ್ದ ಕಡ್ಡಿ, ಗಿಡ್ಡ ಕಡ್ಡಿ ಎರಡೂ ಫೈಬರ್ ಇರುವುದನ್ನೇ ಹುಡುಕಿ, ಸಿಗುತ್ತದೆ.

ಆಮೇಲೆ ಕೊಡೆಯನ್ನು ಬಿಚ್ಚಿ ಹಿಡಿಯನ್ನು ಗಟ್ಟಿಯಾಗಿ ಹಿಡಿದು ಒಂದೆರಡು ಸಲ ಅಲ್ಲಾಡಿಸಿ. ಮೇಲಿನ ಗುಮ್ಮಟ ಕೋಲಿನ ಜೊತೆಗೇ ಅಲ್ಲಾಡಬೇಕು. ಅದು ತಡವಾಗಿ, ಸಡಿಲವಾಗಿ ಹಿಂದೆ ಬರುತ್ತಿದ್ದರೆ ಜಾರುವ ಬಳೆ ಅಗಲವಾಗಿದೆ ಅಂತ ಅರ್ಥ. ಒಂದು ಕಡ್ಡಿಯ ತುದಿ ಹಿಡಿದು ಪಕ್ಕಕ್ಕೆ ತಳ್ಳಿ, ಕೀಲು ಲಟಲಟ ಅಂದರೆ ಬೇಡ. ಕೊನೆಗೆ ತುದಿಯ ಟೋಪಿಗಳನ್ನು ನೋಡಿ. ಬಟ್ಟೆಯನ್ನು ಕಡ್ಡಿಯ ತುದಿಗೆ ಹಿಡಿದಿರುವುದು ಎರಡು ಮೂರು ಸುತ್ತು ದಾರ, ಅಷ್ಟೇ. ದಾರ ಸಡಿಲ ಇದ್ದರೆ ಮೊದಲ ಗಾಳಿಗೇ ಅಲ್ಲಿ ಬಟ್ಟೆ ಬಿಟ್ಟುಕೊಳ್ಳುತ್ತದೆ. ಅದು ಮನೆಯಲ್ಲೇ ಸೂಜಿ ದಾರದಲ್ಲಿ ಸರಿ ಮಾಡುವ ಕೆಲಸ, ಅದಕ್ಕಾಗಿ ಒಳ್ಳೆಯ ಕೊಡೆ ಬಿಡಬೇಡಿ. ಗುಂಡಿ ಒತ್ತಿದರೆ ತಾನೇ ಬಿಚ್ಚಿ ತಾನೇ ಮುಚ್ಚುವ ಕೊಡೆ ಬೇಡ. ಒಳಗಿನ ಸ್ಪ್ರಿಂಗು, ದಾರ ಕೈಕೊಟ್ಟರೆ ಅದನ್ನು ರಿಪೇರಿ ಮಾಡಲು ನನ್ನಂಥವನಿಗೂ ಕಷ್ಟ.

ಎರಡು ಪದರದ ಕೊಡೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಅಂಗಡಿಯಲ್ಲಿ ತೋರಿಸುತ್ತಾರೆ. ಮೇಲಿನ ಬಟ್ಟೆಗೂ ಕೆಳಗಿನ ಬಟ್ಟೆಗೂ ನಡುವೆ ಸಂದು ಬಿಟ್ಟಿರುತ್ತಾರೆ, ಒಳಗೆ ನುಗ್ಗಿದ ಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ. ಬೀಸಿ ನಿಲ್ಲುವ, ಮತ್ತೆ ಬೀಸುವ ನಮ್ಮ ಗಾಳಿಗೆ ಇದು ನಿಜವಾಗಿ ಕೆಲಸ ಮಾಡುತ್ತದೆ. ಆದರೆ ಸಂದಿನೊಳಗೆ ಬೆರಳು ಹಾಕಿ ನೋಡಿ. ಕೆಲವು ಕೊಡೆಗಳಲ್ಲಿ ಚೆಂದಕ್ಕೆ ಎರಡು ಬಟ್ಟೆ ಇಟ್ಟು ಸುತ್ತಲೂ ಹೊಲಿದುಬಿಟ್ಟಿರುತ್ತಾರೆ. ಬೆರಳು ಒಳಗೆ ಹೋಗದಿದ್ದರೆ ಗಾಳಿಯೂ ಹೊರಗೆ ಹೋಗುವುದಿಲ್ಲ.

ಬಟ್ಟೆ ಪಾಲಿಯೆಸ್ಟರ್ ಇರಲಿ. ನೈಲಾನ್ ನೀರು ಹೀರುತ್ತದೆ, ತೇವದ ಹವೆಯಲ್ಲಿ ತನ್ನ ತೂಕದ ಸುಮಾರು ನೂರಕ್ಕೆ 4 ಭಾಗ, ಪಾಲಿಯೆಸ್ಟರ್ ಅದರ ಹತ್ತರಲ್ಲಿ ಒಂದು ಪಾಲು ಮಾತ್ರ. ನೀರು ಹೀರಿದ ನೈಲಾನ್ ಸಡಿಲವಾಗುತ್ತದೆ. ಸಡಿಲವಾದ ಬಟ್ಟೆಯ ಮೇಲೆ ಜೋರು ಹನಿ ಬಿದ್ದರೆ ಕೆಳಗೆ ಮಂಜಿನ ಹಾಗೆ ಸಣ್ಣ ತುಂತುರು ಇಳಿಯುತ್ತದೆ, ಜನ ಅದನ್ನು ಕೊಡೆ ಸೋರುತ್ತದೆ ಅಂತಾರೆ. ಒಳಗಡೆ ಬೆಳ್ಳಿ ಬಣ್ಣ ಬಳಿದಿದ್ದರೆ ಮಳೆಗೆ ಒಳ್ಳೆಯದು ಅನ್ನುವ ನಂಬಿಕೆಯೂ ಇದೆ. ಅದು ಬಿಸಿಲಿಗೆ ಮಾಡಿದ್ದು.

ಅಂದರೆ ನಿಮಗೆ ಬೇಕಾದದ್ದು: ಬಿಚ್ಚಿದಾಗ ಒಂದು ಮೀಟರ್ ಆಸುಪಾಸು ಅಗಲ, ಎಲ್ಲಾ ಫೈಬರ್ ಕಡ್ಡಿ, ಕೈಯಿಂದ ಬಿಚ್ಚುವ ಉದ್ದ ಕೊಡೆ, ಬಾಗಿದ ಹಿಡಿ. ಬಸ್ಸಿನಲ್ಲಿ ಉದ್ದ ಕೊಡೆ ರಗಳೆ ಅನಿಸಬಹುದು. ಆದರೆ ಬಾಗಿದ ಹಿಡಿಯನ್ನು ಕಂಬಿಗೆ ನೇತುಹಾಕಬಹುದು, ಹಿರಿಯರು ಅಂಗಿಯ ಕಾಲರಿಗೆ ಹಿಂದೆ ಸಿಕ್ಕಿಸಿಕೊಂಡು ಎರಡೂ ಕೈ ಬೀಸಿ ನಡೆಯುವುದನ್ನು ನೀವೂ ನೋಡಿರುತ್ತೀರಿ. ಏರು ದಾರಿಯಲ್ಲಿ ಊರುಗೋಲು ಬೇರೆ ಆಗುತ್ತದೆ, ತೋಟದ ದಾರಿಯಲ್ಲಿ ಇದು ಸಣ್ಣ ಲಾಭ ಅಲ್ಲ.

ಹಿಡಿಯುವುದರಲ್ಲೂ ವಿಷಯ ಇದೆ. ಕೊಡೆಯ ಹೊರಮೈ ಗಾಳಿಯ ಕಡೆ ಇದ್ದರೆ ಗಾಳಿ ಜಾರಿ ಹೋಗುತ್ತದೆ, ಒಳಮೈ ಗಾಳಿಗೆ ಸಿಕ್ಕಿದರೆ ಮಾತ್ರ ಮೇಲೆ ಹೇಳಿದ ಪೂರ್ತಿ ಬಲ ಬೀಳುತ್ತದೆ. ಕೊಡೆ ಮುರಿಯುವುದು ಹೆಚ್ಚಾಗಿ ತಿರುವಿನಲ್ಲಿ, ಗಾಳಿ ಹಠಾತ್ತನೆ ಬೆನ್ನ ಕಡೆಯಿಂದ ಬಂದಾಗ. ನಿಮ್ಮ ತೋಟ ಮುಗಿದು ಬಯಲು ಶುರುವಾಗುವ ಜಾಗವೂ ಅಂಥದ್ದೇ. ಅಲ್ಲಿ ಒಂದು ಕ್ಷಣ ನಿಂತು ಗಾಳಿ ಎಲ್ಲಿಂದ ಬರುತ್ತಿದೆ ನೋಡಿ, ಕೊಡೆಯನ್ನು ಆ ಕಡೆ ಓರೆ ಮಾಡಿ ಮುಂದೆ ಹೋಗಿ.

ಮತ್ತೆ, ಕೊಡೆ ಮುಚ್ಚಬೇಕಾದ ಗಾಳಿ ಅಂತ ಒಂದಿದೆ. ಗಾಳಿಯನ್ನು ಅಳೆಯುವ ಬೋಫರ್ಟ್ ಅನ್ನುವ ಹಳೆಯ ಅಳತೆಯಲ್ಲಿ 6ನೇ ಮಟ್ಟಕ್ಕೆ ಕೊಟ್ಟ ಗುರುತುಗಳಲ್ಲಿ ಕೊಡೆ ಹಿಡಿಯುವುದು ಕಷ್ಟ ಅನ್ನುವುದೂ ಒಂದು. ಅದು ಗಂಟೆಗೆ 39ರಿಂದ 49 ಕಿಲೋಮೀಟರ್ ಗಾಳಿ. ದೊಡ್ಡ ಕೊಂಬೆಗಳು ಅಲ್ಲಾಡುವುದು, ತಂತಿ ಸಿಳ್ಳೆ ಹೊಡೆಯುವುದು ಉಳಿದ ಗುರುತು. ನಮ್ಮಲ್ಲಿ ಸಿಲ್ವರ್ ಓಕ್ ಮರ ನೋಡಿದರೆ ಸಾಕು. ಎಲೆ, ರೆಂಬೆ ಆಡುತ್ತಿದ್ದರೆ ಕೊಡೆ ಬಿಚ್ಚಿ. ದೊಡ್ಡ ಕೊಂಬೆಯೇ ತೂಗುತ್ತಿದ್ದರೆ, ಲೈನ್ ಕಂಬದ ತಂತಿ ಶಬ್ದ ಮಾಡುತ್ತಿದ್ದರೆ, ಕೊಡೆ ಮುಚ್ಚಿ ರೇನ್‌ಕೋಟ್ ಹಾಕಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಕಕ್ಕಡ ತಿಂಗಳಲ್ಲಿ ಇಂಥ ದಿನಗಳು ಸಾಲಾಗಿ ಬರುತ್ತವೆ. ಅಂಥ ಗಾಳಿಯಲ್ಲಿ ಸಿಲ್ವರ್ ಓಕಿನ ಕೊಂಬೆ ಮುರಿದು ಬೀಳುವುದೂ ಉಂಟು, ಮರದಡಿ ನಿಲ್ಲಬೇಡಿ.

ಆ ಗಾಳಿಯಲ್ಲಿ ಕೊಡೆ ಮುರಿಯದೆ ನಿಂತರೂ ಹೆಚ್ಚು ಉಪಯೋಗ ಇಲ್ಲ. ದಪ್ಪ ಹನಿ ಬೀಳುವ ವೇಗ ಹೆಚ್ಚೆಂದರೆ ಗಂಟೆಗೆ 30 ಕಿಲೋಮೀಟರ್ ಚಿಲ್ಲರೆ. ಅಡ್ಡ ಗಾಳಿಯೂ 30 ಇದ್ದರೆ ಮಳೆ ಸರಿಯಾಗಿ ಅರ್ಧಕ್ಕೆ ವಾಲುತ್ತದೆ, ಒಂದು ಅಡಿ ಕೆಳಗೆ ಇಳಿಯುವಷ್ಟರಲ್ಲಿ ಒಂದು ಅಡಿ ಪಕ್ಕಕ್ಕೂ ಬರುತ್ತದೆ. ನೆಟ್ಟಗೆ ಹಿಡಿದ ಕೊಡೆಯ ಅಂಚು ನಿಮ್ಮಿಂದ ಅರ್ಧ ಮೀಟರ್ ಮುಂದಿರುತ್ತದೆ. ಅಂಚು ದಾಟಿದ ಮಳೆ ಅರ್ಧ ಮೀಟರ್ ಕೆಳಗೆ ನಿಮ್ಮ ಮೈ ಮುಟ್ಟುತ್ತದೆ, ಅಂದರೆ ಹೆಚ್ಚುಕಡಿಮೆ ಎದೆಯ ಹತ್ತಿರ. ಓರೆ ಮಾಡಿದರೆ ಸೊಂಟದವರೆಗೆ ಉಳಿಸಿಕೊಳ್ಳಬಹುದು. ಕಾಲು ಒದ್ದೆಯೇ. ಸಣ್ಣ ಹನಿಯ ಮಳೆ ಇನ್ನೂ ಜಾಸ್ತಿ ವಾಲುತ್ತದೆ. ಗದ್ದೆಯಲ್ಲಿ ನಾಟಿ ಮಾಡುವವರು ಕೊಡೆ ಬಿಟ್ಟು ತಲೆ, ಬೆನ್ನು ಮುಚ್ಚುವ ಎಲೆಯ ಗೊರಬು ಹಾಕುತ್ತಿದ್ದದ್ದು ಕೈ ಖಾಲಿ ಇರಲಿ ಅಂತ ಮಾತ್ರ ಅಲ್ಲ.

ಸ್ಕೂಟರಿನ ವಿಷಯ ಬಂತು, ಹೇಳಲೇಬೇಕು. ಹಿಂದೆ ಕೂತು ಕೊಡೆ ಬಿಚ್ಚುವುದು ಬೇಡವೇ ಬೇಡ. ಗಾಡಿ 40ರಲ್ಲಿ ಹೋದರೆ ಗಾಳಿ ಇಲ್ಲದ ದಿನವೂ ಕೊಡೆಗೆ 40ರ ಗಾಳಿಯೇ. ಎದುರುಗಾಳಿ ಸೇರಿದರೆ 60, 70. ಕೊಡೆ ಹಿಂದಕ್ಕೆ ಎಳೆಯುತ್ತದೆ, ಒಂದು ಕಡೆ ಕಾಲು ಹಾಕಿ ಕೂತವರಿಗೆ ಹಿಡಿದುಕೊಳ್ಳಲು ಒಂದೇ ಕೈ. ಹೀಗೆ ಬಿದ್ದು ತಲೆಗೆ ಪೆಟ್ಟಾಗಿ ಜೀವ ಹೋದದ್ದು ಇದೆ. ಹತ್ತು ನಿಮಿಷದ ದಾರಿ, ನಿಧಾನಕ್ಕೆ ಹೋಗುತ್ತೇವೆ ಅನ್ನುವವರಿಗೂ ಇದೇ ಮಾತು. ಪೊಂಚೊ ಅಂತ ಕಂಬಳಿಯ ಹಾಗೆ ಹೊದ್ದುಕೊಳ್ಳುವ ರೇನ್‌ಕೋಟೂ ಸ್ಕೂಟರಿಗೆ ಬೇಡ. ಅದು ಗಾಳಿ ತುಂಬಿ ಏಳುತ್ತದೆ, ಅಂಚು ಚಕ್ರಕ್ಕೆ ಸಿಕ್ಕಬಹುದು.

ಈಗ ರೇನ್‌ಕೋಟ್. ಹೊಸದು ಕೊಳ್ಳುವ ಮುಂಚೆ ಒಂದು ವಿಷಯ ಪತ್ತೆ ಮಾಡಬೇಕು: ಒಳಗಿನ ಬಟ್ಟೆ ಒದ್ದೆಯಾಗುವುದು ಮಳೆಯಿಂದಲೋ, ಬೆವರಿನಿಂದಲೋ? ಒದ್ದೆ ಎಲ್ಲಿದೆ ಅನ್ನುವುದೇ ಅರ್ಧ ಉತ್ತರ. ಬೆನ್ನು, ಕಂಕುಳು, ತೋಳಿನ ಒಳಭಾಗ ಒಂದೇ ಸಮ ಒದ್ದೆ, ಕೋಟಿನ ಒಳಮೈ ಸವರಿದರೆ ಇಬ್ಬನಿ ಇದ್ದ ಹಾಗೆ ಕೈಗೆ ತೇವ ಹತ್ತುತ್ತದೆ ಅಂದರೆ ಅದು ಬೆವರು. ಭುಜದ ಮೇಲೆ ಗೆರೆ ಎಳೆದ ಹಾಗೆ ಒದ್ದೆ ಇದ್ದರೆ ಹೊಲಿಗೆ ಸೋರುತ್ತಿದೆ. ಎದೆಯ ನಡುವೆ ಉದ್ದಕ್ಕೆ ಇದ್ದರೆ ಜಿಪ್ಪು. ಕುತ್ತಿಗೆಯಿಂದ ಬೆನ್ನಿಗೆ ಇಳಿದಿದ್ದರೆ ಟೋಪಿಯ ಸಂದು. ಸ್ಕೂಟರಿನಲ್ಲಿ ಹೋದ ದಿನ ಮಾತ್ರ ಕೂತ ಜಾಗ ಒದ್ದೆಯಾಗುತ್ತಿದ್ದರೆ ಪ್ಯಾಂಟಿನ ಎರಡು ಕಾಲು ಸೇರುವ ಹೊಲಿಗೆ. ನಾಲ್ಕು ತುಂಡು ಬಟ್ಟೆ ಅಲ್ಲಿ ಒಂದೆಡೆ ಸೇರುತ್ತವೆ, ಮಡಿಲಲ್ಲಿ ನೀರು ನಿಲ್ಲುತ್ತದೆ, ಮೇಲಿಂದ ಮೈಭಾರ ಬೇರೆ. ಮೊದಲು ಸೋರುವ ಜಾಗ ಅದೇ.

ಇನ್ನೂ ಅನುಮಾನ ಇದ್ದರೆ ಹಳೆಯ ಕೋಟನ್ನು ಹೀಗೆ ಪರೀಕ್ಷೆ ಮಾಡಿ. ಒಂದು ಬಕೆಟ್ಟಿನ ಬಾಯಿಗೆ ಕೋಟಿನ ಬೆನ್ನಿನ ಭಾಗವನ್ನು ಹೊರಮೈ ಮೇಲೆ ಬರುವ ಹಾಗೆ ಹಾಸಿ, ನಡುವೆ ತಗ್ಗು ಮಾಡಿ, ಒಂದೆರಡು ಲೋಟ ನೀರು ಹಾಕಿ. ಅರ್ಧ ಗಂಟೆ ಬಿಟ್ಟು ಕೆಳಗಿನಿಂದ ಒಣ ಬಟ್ಟೆ ಒತ್ತಿ ನೋಡಿ. ಒಣಗಿದ್ದರೆ ಬಟ್ಟೆ ಚೆನ್ನಾಗಿದೆ. ಆಮೇಲೆ ಭುಜದ ಹೊಲಿಗೆ ತಗ್ಗಿನ ನಡುವೆ ಬರುವ ಹಾಗೆ ಇಟ್ಟು ಮತ್ತೆ ನೋಡಿ. ಬಟ್ಟೆ ಒಣ, ಹೊಲಿಗೆ ಹನಿಯುತ್ತದೆ ಅಂದರೆ ಕೋಟು ಬಿಸಾಡಬೇಡಿ, ಹೊಲಿಗೆಗೆ ಹಚ್ಚುವ ಅಂಟು ಸಿಗುತ್ತದೆ, ಒಳಗಡೆಯಿಂದ ಹಚ್ಚಿ ಒಂದು ದಿನ ಒಣಗಿಸಿದರೆ ಸಾಕು. ಎರಡೂ ಒಣಗಿದ್ದರೆ ನೀವು ತೊಯ್ಯುತ್ತಿರುವುದು ನಿಮ್ಮ ಬೆವರಿನಲ್ಲಿ.

ನಿಮ್ಮ ದಾರಿ ಕೇಳಿದರೆ ನನಗೆ ಬೆವರಿನ ಮೇಲೆಯೇ ಅನುಮಾನ. ಬೆಳಿಗ್ಗೆ ಚಳಿ ಅಂತ ಸ್ವೆಟರ್, ಅದರ ಮೇಲೆ ರೇನ್‌ಕೋಟ್, ಬಸ್ಸಿಗೆ ಬಿರುಸಾಗಿ ನಡಿಗೆ, ಮಡಿಕೇರಿಯಲ್ಲಿ ಮತ್ತೆ ಏರು. ಮೈಯಿಂದ ಹೊರಟ ಹಬೆ ಹೊರಗೆ ಹೋಗಲು ದಾರಿ ಇಲ್ಲ. ಹೊರಗೆ ಮಳೆಯಿಂದ ತಣ್ಣಗಾದ ಕೋಟಿಗೆ ಒಳಗಿನಿಂದ ತಾಗಿ ನೀರಾಗುತ್ತದೆ. ಉಸಿರಾಡುವ ಬಟ್ಟೆ ಅಂತ 6,000, 8,000 ರೂಪಾಯಿ ಹೇಳುತ್ತಾರಲ್ಲ, ಅದು ಸುಳ್ಳಲ್ಲ. ಆದರೆ ಹಬೆ ಹೊರಗೆ ಹೋಗುವುದು ಹೊರಗಿನ ಗಾಳಿ ಒಣಗಿದ್ದಷ್ಟೂ ಚೆನ್ನಾಗಿ. ಜುಲೈಯಲ್ಲಿ ಮಡಿಕೇರಿಯ ಗಾಳಿಯೇ ನೀರಿನಿಂದ ತುಂಬಿರುತ್ತದೆ, ಮೇಲಿನಿಂದ ಬಟ್ಟೆಯ ಹೊರಮೈ ನೆನೆದು ಕೂತರೆ ಹಬೆಗೆ ದಾರಿ ಇನ್ನೂ ಇಕ್ಕಟ್ಟು. ಮಳೆ ಕಡಿಮೆ ಇರುವ ಕುಶಾಲನಗರದ ಕಡೆ ಅಷ್ಟು ದುಡ್ಡಿಗೆ ಸ್ವಲ್ಪ ಬೆಲೆ ಸಿಗಬಹುದು, ನಿಮಗೆ ಬೇಡ. ಅದರ ಬದಲು ಕಂಕುಳಲ್ಲಿ ಜಿಪ್ಪು ಅಥವಾ ಬೆನ್ನಿನಲ್ಲಿ ಮುಚ್ಚಿದ ಕಿಂಡಿ ಇರುವ, ಒಂದು ಸೈಜು ದೊಡ್ಡ ಕೋಟು ನೋಡಿ. ಸ್ವೆಟರ್ ಬ್ಯಾಗಿನಲ್ಲಿ ಇರಲಿ. ತೋಟದೊಳಗೆ ಗಾಳಿ ಕಡಿಮೆ, ಅಲ್ಲಿ ಕೊಡೆ ಮಾತ್ರ ಹಿಡಿದು ಹೋಗಿ, ಬಯಲಿಗೆ ಬಂದಾಗ ಗಾಳಿ ನೋಡಿ ಕೋಟು ಹಾಕಿ.

ಬಟ್ಟೆಯಲ್ಲಿ ನಿಮ್ಮ ದುಡ್ಡಿಗೆ ಎರಡು ಬಗೆ. ಪಿವಿಸಿ ಕೋಟು ಹೊಸದಿರುವಾಗ ಒಂದು ಹನಿ ಬಿಡುವುದಿಲ್ಲ, ಅಗ್ಗ, ಒರೆಸಿದರೆ ಒಣಗುತ್ತದೆ. ಆದರೆ ಭಾರ, ಬೆವರು ವಿಪರೀತ, ಚಳಿಗೆ ಬಿರುಸಾಗುತ್ತದೆ, ಮಡಚಿದ ಗೆರೆಯಲ್ಲೇ ಒಂದು ದಿನ ಬಿರುಕು ಬಿಡುತ್ತದೆ. ಇನ್ನೊಂದು, ಪಾಲಿಯೆಸ್ಟರ್ ಅಥವಾ ನೈಲಾನ್ ಬಟ್ಟೆಗೆ ಒಳಗಿನಿಂದ ಪಿಯು, ಅಂದರೆ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ಕಿನ ತೆಳು ಲೇಪ ಕೊಟ್ಟದ್ದು. ಹಗುರ, ಬ್ಯಾಗಿನಲ್ಲಿ ಹಿಡಿಯುತ್ತದೆ. ದಿನಾ ಮಡಚಿ ಬಿಚ್ಚುವ ನಿಮಗೆ ಇದೇ ಸರಿ. ಚೀಟಿಯಲ್ಲಿ 3,000 ಮಿಮೀ, 5,000 ಮಿಮೀ ಅಂತ ಬರೆದಿರುತ್ತದೆ. ಅಷ್ಟು ಎತ್ತರದ ನೀರಿನ ಕಂಬದ ಒತ್ತಡ ಬಿದ್ದರೂ ಬಟ್ಟೆ ನೀರು ಬಿಡುವುದಿಲ್ಲ ಅಂತ ಅರ್ಥ, 5,000 ಅಂದರೆ 5 ಮೀಟರ್ ನೀರು. ಸುಮ್ನೆ ಬೀಳುವ ಮಳೆಗೆ ಅಷ್ಟು ಬೇಕಾಗುವುದಿಲ್ಲ. ಆದರೆ ಬ್ಯಾಗಿನ ಪಟ್ಟಿ ಭುಜವನ್ನು ಒತ್ತುವ ಕಡೆ, ಒದ್ದೆ ಸೀಟಿನ ಮೇಲೆ ಕೂತ ಕಡೆ, ಸ್ಕೂಟರಿನಲ್ಲಿ ಮಳೆ ಎದುರಿಗೆ ಹೊಡೆಯುವ ಕಡೆ ಬೇಕಾಗುತ್ತದೆ. 5,000 ಇರುವುದನ್ನು ತಗೊಳ್ಳಿ. ಅಂಕಿಯೇ ಇಲ್ಲದಿದ್ದರೆ ಅಂಗಡಿಯಲ್ಲೇ ಬಟ್ಟೆಗೆ ಬಾಯಿ ಒತ್ತಿ ಜೋರಾಗಿ ಊದಿ. ಗಾಳಿ ಆ ಕಡೆ ಬಂದರೆ ನೀರೂ ಈ ಕಡೆ ಬರುತ್ತದೆ.

ಆದರೆ ಈ ಅಂಕಿ ಬಟ್ಟೆಯದು, ಕೋಟಿನದಲ್ಲ. ಸೂಜಿ ಹೋದ ಕಡೆಯೆಲ್ಲಾ ತೂತು. ಅದಕ್ಕೆ ಕೋಟನ್ನು ಒಳಮಗ್ಗಲು ಮಾಡಿ ಪ್ರತಿ ಹೊಲಿಗೆಯ ಮೇಲೂ ಟೇಪು ಬಿಸಿ ಮಾಡಿ ಅಂಟಿಸಿದ್ದಾರಾ ನೋಡಿ. ಭುಜಕ್ಕೆ ಮಾತ್ರ ಅಂಟಿಸಿ ಪ್ಯಾಂಟಿಗೆ ಬಿಟ್ಟಿರುತ್ತಾರೆ, ಅಲ್ಲೇ ಮೋಸ. ಟೇಪಿನ ಅಂಚನ್ನು ಉಗುರಿನಿಂದ ಮೆಲ್ಲಗೆ ಕೆರೆದಾಗ ಏಳಬಾರದು. ಜಿಪ್ಪಿನ ಮೇಲೆ ಎರಡು ಬೆರಳು ಅಗಲದ ಮುಚ್ಚುಪಟ್ಟಿ ಇರಲಿ. ಕೋಟು, ಪ್ಯಾಂಟು ಬೇರೆ ಬೇರೆ ಇರುವ ಜೋಡಿಯೇ ಬೇಕು. ಸೀರೆ, ಚೂಡಿದಾರದ ಮೇಲೆ ಉದ್ದ ಕೋಟು ಸಾಕು ಅನಿಸಬಹುದು, ಆದರೆ ಸ್ಕೂಟರಿನಲ್ಲಿ ಅದು ಮೊಣಕಾಲಿನ ಹತ್ತಿರ ತೆರೆದುಕೊಳ್ಳುತ್ತದೆ. ಹೆಲ್ಮೆಟ್ಟಿನ ಮೇಲೆ ಕೋಟಿನ ಟೋಪಿ ಎಳೆದುಕೊಳ್ಳಬೇಡಿ, ಕುತ್ತಿಗೆಯ ಸುತ್ತ ಮಡಚಿ ಕಾಲರ್ ಮುಚ್ಚಿ, ಮೇಲೆ ಹೆಲ್ಮೆಟ್ ಹಾಕಿ. ಬಣ್ಣ ಹಳದಿಯೋ ಕಿತ್ತಳೆಯೋ ಇರಲಿ, ಬೆಳಕಿಗೆ ಹೊಳೆಯುವ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಮಂಜು ಕವಿದ ರಸ್ತೆಯಲ್ಲಿ ಕಪ್ಪು ಕೋಟಿನವರು ಹತ್ತಿರ ಬರುವವರೆಗೂ ಕಾಣುವುದೇ ಇಲ್ಲ.

ದುಡ್ಡು ಹೀಗೆ ಹಂಚಿ. ಕೊಡೆಗೆ 700, 800 ಸಾಕು, ಅದಕ್ಕಿಂತ ಮೇಲೆ ಹೋದರೆ ನೀವು ಹಿಡಿಯ ಚೆಂದಕ್ಕೆ ಕೊಡುತ್ತಿದ್ದೀರಿ. ಉಳಿದದ್ದೆಲ್ಲಾ ರೇನ್‌ಕೋಟಿಗೆ. ಹಳೆಯ ಕೋಟು ಬಕೆಟ್ ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಈ ವರ್ಷ ಹೊಸ ಕೋಟು ತಗೊಳ್ಳಬೇಡಿ, ಟೇಪು ಹಾಕಿದ ಪ್ಯಾಂಟು ಒಂದನ್ನು ನೋಡಿ, ಬಿಡಿಯಾಗಿಯೂ ಕೆಲವು ಕಡೆ ಕೊಡುತ್ತಾರೆ.

ಇನ್ನೊಂದು, ಇದು ಕೊಡಗಿನಲ್ಲಿ ಜಾಸ್ತಿ ಆಗುವುದರಿಂದ ಹೇಳುತ್ತೇನೆ. ಪಿಯು ಲೇಪಕ್ಕೆ ಶತ್ರು ತೇವ. ಮಳೆಗಾಲ ಮುಗಿದ ಮೇಲೆ ಅರೆ ಒದ್ದೆ ಕೋಟನ್ನು ಕವರಿನಲ್ಲಿ ಸುತ್ತಿ ಬೀರುವಿಗೆ ಹಾಕಿದರೆ ಲೇಪ ಒಳಗೊಳಗೇ ಕೊಳೆಯುತ್ತದೆ. ಮುಂದಿನ ಜೂನಿನಲ್ಲಿ ತೆಗೆದಾಗ ಒಳಮೈ ಕೈಗೆ ಅಂಟುತ್ತದೆ, ಹುಳಿ ವಾಸನೆ, ಬಿಳಿ ಹೊಟ್ಟು ಉದುರುತ್ತದೆ. ಆ ಹಂತಕ್ಕೆ ಬಂದ ಕೋಟನ್ನು ಯಾರೂ ರಿಪೇರಿ ಮಾಡಲಾರರು. ಮಳೆಗಾಲದಲ್ಲಿ ದಿನಾ ಹ್ಯಾಂಗರಿಗೆ ಹಾಕಿ ಗಾಳಿಯಾಡುವ ಕಡೆ ನೇತುಹಾಕಿ. ಒಲೆಯ ಮೇಲೆ, ಕೆಂಡದ ಹತ್ತಿರ ಒಣಗಿಸಬೇಡಿ, ಟೇಪಿನ ಅಂಟು ಬಿಸಿಗೆ ಬಿಡುತ್ತದೆ. ಕೆಸರಾದರೆ ಬರೀ ನೀರಿನಲ್ಲಿ ತೊಳೆದರೆ ಸಾಕು. ಕೊಡೆಯನ್ನೂ ಬಿಚ್ಚಿಯೇ ಒಣಗಿಸಿ, ಬಳೆಯ ಹತ್ತಿರದ ಆ ತೆಳ್ಳಗಿನ ತಂತಿಗೆ ತಿಂಗಳಿಗೊಮ್ಮೆ ಒಂದು ತೊಟ್ಟು ಹೊಲಿಗೆ ಮಿಷನ್ನಿನ ಎಣ್ಣೆ ಬಿಡಿ. ಮಳೆ ಮುಗಿದು ಡಿಸೆಂಬರಿನ ಒಣ ಬಿಸಿಲು ಬಂದಾಗ ಎರಡನ್ನೂ ಒಂದು ದಿನ ನೆರಳಲ್ಲಿ ಹರವಿ, ಕೋಟನ್ನು ಮಡಚದೆ ಹ್ಯಾಂಗರಿನಲ್ಲೇ ಎತ್ತಿಡಿ.